ಕೂದಲು ಕೂತಿದೆ, ಆದರೂ ವಿಗ್ ಥರ ಕಾಣುತ್ತದೆ, ಯಾಕೆ?

ಪ್ರಶ್ನೆ: ಒಂದು ಫೋಟೋದಲ್ಲಿರುವ ಹೇರ್‌ಸ್ಟೈಲನ್ನು ಇನ್ನೊಬ್ಬರ ತಲೆಗೆ ಕೂರಿಸುವ ಸಣ್ಣ ಪ್ರೋಗ್ರಾಂ ಬರೀತಿದ್ದೀನಿ. ಸೆಗ್ಮೆಂಟೇಶನ್ ಮಾಡೆಲ್‌ನಿಂದ ಕೂದಲಿನ ಮಾಸ್ಕ್ ತೆಗೆದು, ಎರಡು ಕಣ್ಣುಗಳ ಅಂತರಕ್ಕೆ ಸರಿಯಾಗಿ ಹಿಗ್ಗಿಸಿ ಅಂಟಿಸ್ತೀನಿ. ಆಮೇಲೆ ಬಣ್ಣ ಮ್ಯಾಚ್ ಮಾಡ್ತೀನಿ. ಸ್ಟೈಲ್ ಇರೋ ಫೋಟೋ ಹೊರಗೆ ಗಿಡಗಳ ಮುಂದೆ ತೆಗೆದದ್ದು, ಕಂದು ಕೂದಲು. ನನ್ನದು ಮನೆಯೊಳಗಿನ ಫೋಟೋ, ಕಪ್ಪು ಕೂದಲು. ಅಂಚಿನಲ್ಲಿ ಹಸಿರು ಗೆರೆ ಉಳಿಯುತ್ತೆ, ಕೂದಲು ಪೇಂಟ್ ಬಳಿದ ಹಾಗೆ ಸಪ್ಪೆಯಾಗುತ್ತೆ, ಹಣೆ ಹತ್ತಿರವಂತೂ ಪಕ್ಕಾ ವಿಗ್. ಬಣ್ಣ ಹೊಂದಿಸೋಕೆ ಇದಕ್ಕಿಂತ ಒಳ್ಳೆ ವಿಧಾನ ಇದೆಯಾ?

ಉತ್ತರ: ವಿಧಾನ ಬದಲಿಸಬೇಡಿ. ತಪ್ಪು ಬಣ್ಣದ ಲೆಕ್ಕದಲ್ಲಿಲ್ಲ, ಆ ಲೆಕ್ಕಕ್ಕೆ ನೀವು ಕೊಡುತ್ತಿರುವ ಪಿಕ್ಸೆಲ್‌ಗಳಲ್ಲಿದೆ. ಹಸಿರು ಗೆರೆ ಮತ್ತು ಸಪ್ಪೆ ಕೂದಲು ಎರಡು ಬೇರೆ ತೊಂದರೆಗಳಂತೆ ಕಾಣುತ್ತವೆ. ಎರಡಕ್ಕೂ ಮೂಲ ಒಂದೇ, ಮಾಸ್ಕಿನ ಅಂಚು. ಹಣೆಯದ್ದು ಮಾತ್ರ ಬೇರೆ ಕಥೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ನಿಮಗೆ ಸಿಕ್ಕಿರುವ ಫಲಿತಾಂಶವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಕಪ್ಪು-ಬಿಳುಪಿನಲ್ಲಿ ಕೂದಲು ಸಹಜವಾಗಿ ಕಂಡರೆ ತೊಂದರೆ ಬಣ್ಣದ್ದು. ಆಗಲೂ ವಿಗ್ ಥರಾನೇ ಕಂಡರೆ ತೊಂದರೆ ಅಂಚಿನದ್ದು, ಬೆಳಕಿನದ್ದು, ಇಲ್ಲವೇ ಕೂರಿಸಿದ ಜಾಗದ್ದು. ಆಮೇಲೆ ನೀವು ಬಣ್ಣವನ್ನು ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ. ಈ ಪರೀಕ್ಷೆ ಗೊತ್ತಿಲ್ಲದ ಕಾಲದಲ್ಲಿ ನಾನು ಒಂದಿಡೀ ಸಂಜೆ ಬಣ್ಣದ ಸಂಖ್ಯೆಗಳನ್ನು ಹಿಂದೆ ಮುಂದೆ ಮಾಡಿಕೊಂಡು ಕೂತಿದ್ದೆ. ಮಾರನೇ ದಿನ ಮಾಸ್ಕನ್ನು ಬರೀ ಮಾಸ್ಕಾಗಿ ತೆರೆದು ನೋಡಿದಾಗ, ಕಿವಿಯ ಹಿಂದಿನ ಪರದೆಯ ಒಂದು ತುಂಡು ಪೂರ್ತಿ ಕೂದಲಿನ ಲೆಕ್ಕದಲ್ಲಿ ಸೇರಿಕೊಂಡಿತ್ತು.

ಈಗ ಮಾಸ್ಕಿಗೆ ಬರೋಣ. ನೀವು ಬೈಸೆನೆಟ್ ಥರದ ಮಾಡೆಲ್ ಬಳಸುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಮುಖವನ್ನು 19 ಭಾಗಗಳಾಗಿ ಗುರುತಿಸುವ ಆ ಮಾಡೆಲ್ ಸಾಮಾನ್ಯವಾಗಿ 512×512 ಅಳತೆಯಲ್ಲಿ ಕೆಲಸ ಮಾಡುತ್ತದೆ. ಹೆಚ್ಚಿನವರು ಬಳಸುವ ಆವೃತ್ತಿಯಲ್ಲಿ ಕೂದಲಿನ ಸಂಖ್ಯೆ 17. ನಿಮ್ಮ ಫೋಟೋ 2000 ಪಿಕ್ಸೆಲ್ ಅಗಲ ಇದ್ದರೆ ಆ ಮಾಸ್ಕನ್ನು ಸುಮಾರು 4 ಪಟ್ಟು ಹಿಗ್ಗಿಸಬೇಕಾಗುತ್ತದೆ. ಅಲ್ಲಿಗೆ ಅಂಚು ನಾಲ್ಕೈದು ಪಿಕ್ಸೆಲ್ ಆಚೀಚೆ ಹೋಯಿತು ಅಂತಲೇ ಲೆಕ್ಕ. ಅದಕ್ಕಿಂತ ದೊಡ್ಡ ತೊಡಕು ಏನೆಂದರೆ, ಆ ಮಾಸ್ಕಿಗೆ ಹೌದು ಮತ್ತು ಇಲ್ಲ ಅನ್ನುವ ಎರಡೇ ಮಾತು ಗೊತ್ತು. ಕೂದಲು ಹಾಗಿಲ್ಲ. ತಲೆಯ ಅಂಚಿನಲ್ಲಿ ಹಾರಾಡುವ ಒಂದೊಂದು ಎಳೆ ಒಂದು ಪಿಕ್ಸೆಲ್‌ಗಿಂತ ಸಪೂರ ಇರುತ್ತದೆ. ಆ ಪಿಕ್ಸೆಲ್‌ನಲ್ಲಿ ಸ್ವಲ್ಪ ಕೂದಲು, ಸ್ವಲ್ಪ ಹಿಂದಿನ ಗಿಡ ಎರಡೂ ಬೆರೆತಿರುತ್ತವೆ. ಸೂತ್ರದಲ್ಲಿ ಬರೆದರೆ ಹೀಗೆ:

```
I = α·F + (1 − α)·B
```

ಇಲ್ಲಿ `I` ಅಂದರೆ ಫೋಟೋದಲ್ಲಿ ಕಾಣುವ ಬಣ್ಣ, `F` ಕೂದಲಿನ ನಿಜವಾದ ಬಣ್ಣ, `B` ಹಿಂದಿರುವ ಬಣ್ಣ, `α` ಆ ಪಿಕ್ಸೆಲ್‌ನಲ್ಲಿ ಕೂದಲಿನ ಪಾಲು. ನೀವು ಮಾಸ್ಕಿನಿಂದ ಕತ್ತರಿಸಿದಾಗ ನಿಮ್ಮ ಕೈಗೆ ಬರುವುದು `I`. ಅಂದರೆ ಗಿಡದ ಹಸಿರೂ ಸೇರಿಕೊಂಡೇ ಬಂದಿರುತ್ತದೆ. ನಿಮಗೆ ಬೇಕಾದದ್ದು `α` ಮತ್ತು `F`, ಬೇರೆ ಬೇರೆಯಾಗಿ. ತುಂಬಾ ಜನ `α` ತನಕ ಬಂದು ನಿಂತುಬಿಡುತ್ತಾರೆ. ಮಾಸ್ಕಿನ ಅಂಚನ್ನು ಬ್ಲರ್ ಮಾಡಿ, ಅದನ್ನೇ ಆಲ್ಫಾ ಅಂತ ಬಳಸುತ್ತಾರೆ. ಗೆರೆ ಮಸುಕಾಗುತ್ತದೆ ನಿಜ, ಆದರೆ ಹಸಿರು ಎಲ್ಲಿಗೂ ಹೋಗುವುದಿಲ್ಲ, ಇನ್ನಷ್ಟು ಅಗಲವಾಗಿ ಹರಡಿಕೊಳ್ಳುತ್ತದೆ.

ಸರಿಯಾದ ದಾರಿ ಟ್ರೈಮ್ಯಾಪ್. ಚಿತ್ರವನ್ನು ಮೂರು ಪಾಲು ಮಾಡುವುದು. ಖಂಡಿತ ಕೂದಲು, ಖಂಡಿತ ಕೂದಲಲ್ಲ, ನಡುವೆ ಒಂದು ಗೊತ್ತಿಲ್ಲದ ಪಟ್ಟಿ. ಮಾಸ್ಕನ್ನು ಒಳಗೆ ಕುಗ್ಗಿಸಿದರೆ ಮೊದಲನೆಯದು ಸಿಗುತ್ತದೆ. ಹೊರಗೆ ಹಿಗ್ಗಿಸಿ, ಅದರಾಚೆ ಉಳಿದದ್ದು ಎರಡನೆಯದು. ನಡುವಿನ ಪಟ್ಟಿಯನ್ನು ಮ್ಯಾಟಿಂಗ್, ಅಂದರೆ ಪ್ರತಿ ಪಿಕ್ಸೆಲ್‌ನ `α` ಕಂಡುಹಿಡಿಯುವ ಲೆಕ್ಕ, ಬಿಡಿಸುತ್ತದೆ. ಪೈಥಾನ್‌ನಲ್ಲಿ `pymatting` ಅನ್ನುವ ಲೈಬ್ರರಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

```python
k = np.ones((3, 3), np.uint8)
core  = cv2.erode(mask, k, iterations=12)
outer = cv2.dilate(mask, k, iterations=20)

trimap = np.full(mask.shape, 0.5)
trimap[core > 0] = 1.0
trimap[outer == 0] = 0.0
trimap[np.isin(parse, [2, 3, 4, 5])] = 0.0

alpha = estimate_alpha_cf(img, trimap)
fg = estimate_foreground_ml(img, alpha)
```

ಚಿತ್ರವನ್ನು ಇಲ್ಲಿಗೆ 0ಯಿಂದ 1ರವರೆಗಿನ ದಶಮಾಂಶ ಸಂಖ್ಯೆಗಳಾಗಿ ಕೊಡಬೇಕು. 12 ಮತ್ತು 20 ಅನ್ನುವುದು ತಲೆ ಸುಮಾರು 600 ಪಿಕ್ಸೆಲ್ ಅಗಲ ಇರುವ ಫೋಟೋಗೆ ನಾನು ಇಟ್ಟುಕೊಳ್ಳುವ ಅಳತೆ. ನಿಮ್ಮದು ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಜಾಸ್ತಿ ಮಾಡಿ. ಹೊರಗಿನ ಪಟ್ಟಿ ಒಳಗಿನದಕ್ಕಿಂತ ಅಗಲ ಇರಲಿ, ಯಾಕೆಂದರೆ ಮಾಡೆಲ್ ಹಾರಾಡುವ ಎಳೆಗಳನ್ನು ಬಿಟ್ಟುಬಿಡುವುದೇ ಹೆಚ್ಚು. ಟ್ರೈಮ್ಯಾಪಿನ ಕೊನೇ ಸಾಲಿನ ಬಗ್ಗೆ ಒಂದು ಮಾತು. `parse` ಅಂದರೆ ಪ್ರತಿ ಪಿಕ್ಸೆಲ್‌ಗೆ ಮಾಡೆಲ್ ಕೊಟ್ಟ ಭಾಗದ ಸಂಖ್ಯೆ. ಅದರಲ್ಲಿ 2, 3 ಹುಬ್ಬುಗಳು, 4, 5 ಕಣ್ಣುಗಳು. ಮುಂಗುರುಳು ಹಣೆಯ ಮೇಲೆ ಇಳಿದಿದ್ದರೆ ನಡುವಿನ ಪಟ್ಟಿ ಹುಬ್ಬನ್ನು ಮುಟ್ಟುತ್ತದೆ. ಹುಬ್ಬೂ ಕೂದಲೇ ಅಲ್ವಾ, ಮ್ಯಾಟಿಂಗ್ ಅದನ್ನೂ ಖುಷಿಯಿಂದ ಎತ್ತಿಕೊಂಡು ಬರುತ್ತದೆ. ಆಗ ಹೊಸ ಮುಖದಲ್ಲಿ ನಾಲ್ಕು ಹುಬ್ಬು. ನಗಬೇಡಿ, ನನಗೆ ಆಗಿದೆ.

ಕೊನೆಯ ಎರಡು ಸಾಲುಗಳಲ್ಲಿ ಎರಡನೆಯದೇ ನಿಮ್ಮ ಹಸಿರು ಗೆರೆಗೆ ಮದ್ದು. `fg` ಚಿತ್ರದಲ್ಲಿ ಅಂಚಿನ ಪಿಕ್ಸೆಲ್‌ಗಳಿಗೂ ಕೂದಲಿನ ಬಣ್ಣವೇ ತುಂಬಿರುತ್ತದೆ. ಶೇ. 10ರಷ್ಟು ಮಾತ್ರ ಕೂದಲಿರುವ ಪಿಕ್ಸೆಲ್‌ಗೂ ಪೂರಾ ಕಂದು ಬಣ್ಣ ಸಿಗುತ್ತದೆ. ಅದು ಎಷ್ಟು ಕಾಣಬೇಕು ಅನ್ನುವುದನ್ನು `alpha` ನೋಡಿಕೊಳ್ಳುತ್ತದೆ. ಸರಿಯಾಗಿದೆಯೇ ಅಂತ ನೋಡಲು ಅದನ್ನು ಅಚ್ಚ ಗುಲಾಬಿ-ನೇರಳೆ ಹಿನ್ನೆಲೆಯ ಮೇಲೆ ಒಮ್ಮೆ, ಬೂದು ಹಿನ್ನೆಲೆಯ ಮೇಲೆ ಒಮ್ಮೆ ಕೂರಿಸಿ. ಹಸಿರು ಉಳಿದಿದ್ದರೆ ಗುಲಾಬಿಯ ಮೇಲೆ ಬೂದು ಅಂಚಾಗಿ ಎದ್ದು ಕಾಣುತ್ತದೆ. ಹೊಸ ಮುಖದ ಮೇಲೆ ನೇರವಾಗಿ ಹಾಕಿ ನೋಡಬೇಡಿ. ಮುಖ ಕಂಡ ಕೂಡಲೇ ನಮ್ಮ ಕಣ್ಣು ಮುಖವನ್ನೇ ನೋಡುತ್ತದೆ, ಅಂಚನ್ನು ಬಿಟ್ಟುಬಿಡುತ್ತದೆ.

ಈಗ ಸಪ್ಪೆ ಬಣ್ಣ. ನೀವು ಮಾಡುತ್ತಿರುವುದು ರೈನ್‌ಹಾರ್ಡ್ ಮತ್ತು ಜೊತೆಗಾರರು 2001ರಲ್ಲಿ ತೋರಿಸಿಕೊಟ್ಟ ವಿಧಾನ ಇರಬೇಕು. ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆ ಇಡುವ ಒಂದು ಬಣ್ಣದ ವ್ಯವಸ್ಥೆಗೆ ಹೋಗಿ, ಪ್ರತಿ ಚಾನೆಲ್‌ನ ಸರಾಸರಿ ಮತ್ತು ಹರವನ್ನು ಇನ್ನೊಂದು ಚಿತ್ರದ್ದಕ್ಕೆ ಹೊಂದಿಸುವುದು. ಹರವು ಅಂದರೆ ಇಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್. ಕೂದಲಿಗೆ ಇದು ಸಾಕು, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಎರಡು ಸಂಖ್ಯೆಗಳನ್ನು ಎಲ್ಲಿಂದ ಅಳೆದಿರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ನಿಮ್ಮದರಂಥದ್ದೇ ಒಂದು ಉದಾಹರಣೆಯನ್ನು ಸಂಖ್ಯೆಗಳಲ್ಲಿ ಬಿಡಿಸುತ್ತೇನೆ. ಲ್ಯಾಬ್ ವ್ಯವಸ್ಥೆಯಲ್ಲಿ `L` ಬೆಳಕು, 0ಯಿಂದ 100. `a` ಹಸಿರಿನಿಂದ ಕೆಂಪಿಗೆ, `b` ನೀಲಿಯಿಂದ ಹಳದಿಗೆ. ಸೊನ್ನೆ ಅಂದರೆ ಬಣ್ಣವಿಲ್ಲದ ಬೂದು. ಓಪನ್‌ಸಿವಿಯಲ್ಲಿ 8 ಬಿಟ್ ಚಿತ್ರ ಕೊಟ್ಟರೆ `L` 255ಕ್ಕೆ ಹಿಗ್ಗುತ್ತದೆ, `a` ಮತ್ತು `b` 128ರಷ್ಟು ಮೇಲೆ ಸರಿಯುತ್ತವೆ. ಹಾಗಾಗಿ ದಶಮಾಂಶ ಚಿತ್ರವನ್ನೇ ಕೊಡಿ, ತಲೆಬಿಸಿ ಕಡಿಮೆ.

ಕಂದು ಕೂದಲಿನ ಒಳಭಾಗದಲ್ಲಿ `a` ಚಾನೆಲ್‌ನ ಸರಾಸರಿ 10, ಹರವು 4 ಅಂತಿಟ್ಟುಕೊಳ್ಳಿ. ಕಪ್ಪು ಕೂದಲಿನಲ್ಲಿ ಸರಾಸರಿ 1, ಹರವು 2. ಅಂದರೆ ಕಂದು ಕೂದಲಿನ ಏರಿಳಿತವನ್ನು ಅರ್ಧ ಮಾಡಿ, 1ರ ಸುತ್ತ ಕೂರಿಸಬೇಕು. ಈಗ ನಿಮ್ಮ ಮಾಸ್ಕಿನೊಳಗೆ ಶೇ. 15ರಷ್ಟು ಗಿಡ ಸೇರಿಕೊಂಡಿದೆ ಅನ್ನಿ. ಗುಂಗುರು ಕೂದಲಿನಲ್ಲಿ, ಎಳೆಗಳ ಸಂದಿನ ತೂತುಗಳನ್ನೂ ಲೆಕ್ಕ ಹಾಕಿದರೆ, ಇದು ಜಾಸ್ತಿ ಏನಲ್ಲ. ಗಿಡದ `a` ಸರಾಸರಿ −23, ಹರವು 5. ಎರಡೂ ಬೆರೆತಾಗ ಸರಾಸರಿ 10ರಿಂದ 5ಕ್ಕೆ ಇಳಿಯುತ್ತದೆ. ಇದು ಅಂಥ ದೊಡ್ಡ ಏಟಲ್ಲ. ಹರವನ್ನು ನೋಡಿ. ಅದು 4ರಿಂದ 12.5ಕ್ಕೆ ಹಾರುತ್ತದೆ. ಎರಡು ಬೇರೆ ಬೇರೆ ಗುಂಪುಗಳ ನಡುವಿನ ದೂರವನ್ನು ಲೆಕ್ಕವು ಕೂದಲಿನದೇ ಏರಿಳಿತ ಅಂತ ತಿಳಿದುಕೊಳ್ಳುತ್ತದೆ.

ಪರಿಣಾಮ ಏನು? ಅರ್ಧ ಮಾಡಬೇಕಿದ್ದ ಏರಿಳಿತವನ್ನು ಪ್ರೋಗ್ರಾಂ 2 ಭಾಗಿಸು 12.5, ಅಂದರೆ 0.16 ಪಟ್ಟಿಗೆ ಹಿಂಡುತ್ತದೆ. ಕೂದಲಿನೊಳಗೆ ಎಳೆಯಿಂದ ಎಳೆಗೆ ಇದ್ದ ಬಣ್ಣದ ವ್ಯತ್ಯಾಸ ಮೂರನೇ ಒಂದು ಪಾಲಿಗೂ ಕಡಿಮೆಯಾಗಿ ಚಪ್ಪಟೆಯಾಗುತ್ತದೆ. ನೀವು ಪೇಂಟ್ ಬಳಿದ ಹಾಗೆ ಅಂದಿರಲ್ಲ, ಅದು ಇದೇ. ಇನ್ನೊಂದು ಕಡೆ, ಮೊದಲೇ ಬೆರೆತಿರುವ ಅಂಚಿನ ಹಸಿರು ಪಿಕ್ಸೆಲ್‌ಗಳೂ ಇದೇ ಲೆಕ್ಕದಲ್ಲಿ ಸಾಗುತ್ತವೆ. ಸಂಖ್ಯೆಗಳನ್ನು ಸರಿಯಾಗಿ ಅಳೆದರೂ −23 ಇದ್ದದ್ದು −15.5 ಆಗುತ್ತದೆ, ಇನ್ನೂ ಹಸಿರೇ. ಅದಕ್ಕೇ ಬಣ್ಣ ಹೊಂದಿಸುವ ಕೆಲಸ ಕತ್ತರಿಸಿದ ಚಿತ್ರದ ಮೇಲೆ ಅಲ್ಲ, `fg` ಮೇಲೆ ನಡೆಯಬೇಕು. ಅಳತೆ ಮಾತ್ರ `core` ಒಳಗಿನಿಂದ ಬರಬೇಕು.

```python
def match(fg_lab, ref_core, tgt_lab, tgt_core):
    out = fg_lab.copy()
    for c in range(3):
        s = fg_lab[..., c][ref_core]
        t = tgt_lab[..., c][tgt_core]
        r = np.clip(t.std() / s.std(), 0.4, 1.6)
        out[..., c] = (fg_lab[..., c] - s.mean()) * r + t.mean()
    return out
```

ಇಲ್ಲಿ `ref_core` ಮತ್ತು `tgt_core` ಹೌದು-ಇಲ್ಲ ರೂಪದ ಮಾಸ್ಕುಗಳು, ಅಂದರೆ `core > 0`. ಇಬ್ಬರ ಕೂದಲಿಗೂ ಒಳಗೆ ಕುಗ್ಗಿಸಿದ ಮಾಸ್ಕನ್ನೇ ಕೊಡಿ. ತಲೆ ಬೋಳಾಗಿದ್ದವರ ಫೋಟೋ ಬಂದರೆ `tgt_core` ಖಾಲಿಯಾಗುತ್ತದೆ. ಆಗ ನಾನು ಹುಬ್ಬಿನಿಂದ ಅಳೆಯುತ್ತೇನೆ. ಹುಬ್ಬಿನ ಮಾಸ್ಕಿನಲ್ಲಿ ಚರ್ಮವೂ ಬೆರೆತಿರುತ್ತದೆ, ಆದ್ದರಿಂದ ಅದರಲ್ಲಿ ಹೆಚ್ಚು ಕಪ್ಪಾಗಿರುವ ಅರ್ಧ ಪಿಕ್ಸೆಲ್‌ಗಳನ್ನು ಮಾತ್ರ ಇಟ್ಟುಕೊಳ್ಳಿ. ತಲೆಗೂದಲಿಗೂ ಹುಬ್ಬಿಗೂ ಬಣ್ಣ ಒಂದೇ ಇರಬೇಕೆಂದಿಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ವಾಸಿ.

0.4 ಮತ್ತು 1.6 ಅನ್ನುವ ಕಡಿವಾಣ ಯಾಕೆ ಅಂತ ಹೇಳಬೇಕು. ನಿಮ್ಮ ಕೆಲಸ ಕಂದಿನಿಂದ ಕಪ್ಪಿಗೆ. ಅದು ಸುಲಭದ ದಿಕ್ಕು. ಕಂದು ಕೂದಲಿನ `L` ಸರಾಸರಿ 36, ಹರವು 12 ಇದ್ದು, ಕಪ್ಪಿನದು 15 ಮತ್ತು 5 ಇದ್ದರೆ, ಏರಿಳಿತ 0.42 ಪಟ್ಟು ಕುಗ್ಗುತ್ತದೆ. 68 ಇದ್ದ ಹೊಳಪು 28ಕ್ಕೆ ಬರುತ್ತದೆ. ಕಪ್ಪು ಕೂದಲಿನ ಹೊಳಪು ಸುಮಾರಾಗಿ ಹಾಗೇ ಇರುತ್ತದೆ, ಸಹಜವಾಗಿ ಕಾಣುತ್ತದೆ. ಇದನ್ನು ತಿರುಗಿಸಿ, ಕಪ್ಪು ಕೂದಲಿನ ಸ್ಟೈಲನ್ನು ಕಂದು ಕೂದಲಿನವರ ತಲೆಗೆ ಕೂರಿಸಲು ಹೋಗಿ, ಏರಿಳಿತವನ್ನು 2.4 ಪಟ್ಟು ಹಿಗ್ಗಿಸಬೇಕಾಗುತ್ತದೆ. ಫೋಟೋದಲ್ಲಿ ಕಪ್ಪು ಕೂದಲಿನ ನೆರಳಿನ ಭಾಗದಲ್ಲಿ ಎಳೆಗಳ ವಿವರವೇ ಇರುವುದಿಲ್ಲ, ಕ್ಯಾಮೆರಾದ ನಾಯ್ಸ್ ಮತ್ತು ಜೆಪೆಗ್‌ನ 8×8 ಚೌಕಗಳು ಇರುತ್ತವೆ. ನೀವು ಹಿಗ್ಗಿಸುವುದು ಅವನ್ನು. ಫಲಿತಾಂಶದಲ್ಲಿ ಕೂದಲಿನ ಮೇಲೆ ಮಚ್ಚೆ ಮಚ್ಚೆ ಕಂಡರೆ ಕಾರಣ ಇದೇ ಅಂತ ತಿಳಿಯಿರಿ. 1.6ರಲ್ಲಿ ತಡೆದರೆ ಮಚ್ಚೆ ತಗ್ಗುತ್ತದೆ, ಕೂದಲು ಸ್ವಲ್ಪ ಮಂಕಾಗಿ ಉಳಿಯುತ್ತದೆ. ನನಗಂತೂ ಮಚ್ಚೆಗಿಂತ ಮಂಕು ವಾಸಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಸ್ಟೈಲಿನ ಫೋಟೋ ಯಾವಾಗಲೂ ತಿಳಿ ಬಣ್ಣದ ಕೂದಲಿನದ್ದಾಗಿರಲಿ.

ಹೊಳಪಿನ ವಿಷಯ ಬಂತು, ಅಲ್ಲೇ ಒಂದು ಸೂಕ್ಷ್ಮ ಇದೆ. ಕೂದಲಿನ ಎಳೆಯ ಮೇಲ್ಮೈಯಿಂದ ನೇರವಾಗಿ ಚಿಮ್ಮುವ ಹೊಳಪಿಗೆ ಕೂದಲಿನ ಬಣ್ಣ ಇರುವುದಿಲ್ಲ, ದೀಪದ ಬಣ್ಣ ಇರುತ್ತದೆ. ಎಳೆಯೊಳಗೆ ಹೊಕ್ಕು, ಹಿಂದಿನ ಗೋಡೆಗೆ ಬಡಿದು ಹೊರಬರುವ ಎರಡನೇ ಹೊಳಪಿಗೆ ಮಾತ್ರ ಕೂದಲಿನ ಬಣ್ಣ ತಾಕಿರುತ್ತದೆ. ಮಾರ್ಷ್ನರ್ ಮತ್ತು ಜೊತೆಗಾರರು 2003ರಲ್ಲಿ ಇದನ್ನು ಅಳೆದು ತೋರಿಸಿದರು. ನಮ್ಮ ಲೆಕ್ಕ ಈ ಭೇದ ನೋಡುವುದಿಲ್ಲ, ಎಲ್ಲಾ ಪಿಕ್ಸೆಲ್‌ಗಳನ್ನೂ ಒಂದೇ ಕಡೆ ತಳ್ಳುತ್ತದೆ. ಕಂದಿನಿಂದ ಕಪ್ಪಿಗೆ ಹೋಗುವಾಗ ಹೊಳಪು ಸ್ವಲ್ಪ ನೀಲಿಗೆ ಹೊರಳುತ್ತದೆ. ಕಪ್ಪು ಕೂದಲಿಗೆ ಅದು ಒಪ್ಪುತ್ತದೆ ಕೂಡ, ಯಾರೂ ಗಮನಿಸುವುದಿಲ್ಲ. ಆದರೆ ಯಾರಾದರೂ ಕೆಂಪು ಡೈ ಬೇಕು ಅಂದರೆ ಹೊಳಪೂ ಕೆಂಪಾಗಿ, ತಲೆಯ ಮೇಲೆ ಪ್ಲಾಸ್ಟಿಕ್ ಬುಟ್ಟಿ ಕವಿಚಿದ ಹಾಗೆ ಕಾಣುತ್ತದೆ. ಅಂಥ ಸಂದರ್ಭದಲ್ಲಿ ಕೂದಲಿನ ಅತಿ ಬೆಳಕಿನ ಶೇ. 10-15ರಷ್ಟು ಪಿಕ್ಸೆಲ್‌ಗಳಿಗೆ `a`, `b` ಬದಲಾವಣೆಯನ್ನು ಮೆಲ್ಲಗೆ ಅರ್ಧಕ್ಕೆ ಇಳಿಸಿ. ಥಟ್ಟನೆ ಇಳಿಸಿದರೆ ಅಲ್ಲೊಂದು ಗೆರೆ ಏಳುತ್ತದೆ.

ಒಂದು ವಿಷಯವನ್ನು ನೀವು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕಿತ್ತು. ಬೇಕಾದದ್ದು ಸ್ಟೈಲ್ ಮಾತ್ರವೇ, ಬಣ್ಣವೂ ಬೇಕೇ? ಮೇಲಿನ ಲೆಕ್ಕವೆಲ್ಲ ಸ್ಟೈಲ್ ಅವರದು, ಬಣ್ಣ ತನ್ನದು ಅನ್ನುವವರಿಗೆ. ಆ ಕಂದು ಬಣ್ಣವೂ ಬೇಕು ಅಂದರೆ ಕೂದಲಿನಿಂದ ಕೂದಲಿಗೆ ಅಳತೆ ಹೊಂದಿಸಬಾರದು. ಎರಡು ಫೋಟೋಗಳ ಬೆಳಕನ್ನು ಹೊಂದಿಸಬೇಕು. ಎರಡರ ವೈಟ್ ಬ್ಯಾಲೆನ್ಸನ್ನೂ ಮೊದಲು ಬೂದು ಅಥವಾ ಬಿಳಿ ವಸ್ತು ಯಾವುದಾದರೂ ಸಿಕ್ಕರೆ ಅದರಿಂದ ಸರಿಮಾಡಿ, ಕೂದಲನ್ನು ಕೂರಿಸಿ, ಆಮೇಲೆ ಇಡೀ ಚಿತ್ರಕ್ಕೆ ಒಳಗಿನ ದೀಪದ ಬಣ್ಣವನ್ನು ವಾಪಸ್ ಕೊಡಿ. ಚರ್ಮದ ಬಣ್ಣ ನೋಡಿ ಹೊಂದಿಸುವ ಆಸೆಗೆ ಬೀಳಬೇಡಿ. ಇಬ್ಬರ ಮೈಬಣ್ಣ ಬೇರೆ, ಪ್ರೋಗ್ರಾಂ ಆ ವ್ಯತ್ಯಾಸವನ್ನು ಬೆಳಕಿನದು ಅಂತ ತಪ್ಪು ತಿಳಿದು ಕೂದಲನ್ನು ಕೆಡಿಸುತ್ತದೆ.

ಇನ್ನು ಹಣೆ. ಇಲ್ಲಿ ತಪ್ಪಿರುವುದು ಕಣ್ಣುಗಳ ಅಂತರವನ್ನು ನಂಬಿದ್ದು. ಕೂದಲು ಕೂರುವುದು ಕಣ್ಣಿನ ಮೇಲಲ್ಲ, ಬುರುಡೆಯ ಮೇಲೆ. ಒಬ್ಬರ ಕಣ್ಣುಗಳು ಹತ್ತಿರ ಇದ್ದು ಮುಖ ಅಗಲ ಇರಬಹುದು. ಅಳತೆಯಲ್ಲಿ ಶೇ. 3ರಷ್ಟು ತಪ್ಪಿದರೂ 600 ಪಿಕ್ಸೆಲ್ ತಲೆಯಲ್ಲಿ 18 ಪಿಕ್ಸೆಲ್ ಆಯಿತು. ಅಷ್ಟು ಸಾಕು, ಕೂದಲು ಕಿವಿಯ ಮೇಲೆ ಹತ್ತುವುದಕ್ಕೆ ಇಲ್ಲವೇ ಕೆನ್ನೆಯಂಚಿನಲ್ಲಿ ಸಂದು ಬಿಡುವುದಕ್ಕೆ. ಮುಖದ 68 ಬಿಂದುಗಳನ್ನು ಗುರುತಿಸುವ ಡಿಲಿಬ್ ಬಳಸುತ್ತಿದ್ದರೆ ಕಿವಿಯ ಪಕ್ಕದ 0 ಮತ್ತು 16, ಎರಡು ಕಣ್ಣುಗಳ ನಡುವಿನ 27, ಹುಬ್ಬುಗಳ ಒಳತುದಿಯ 21 ಮತ್ತು 22, ಈ ಬಿಂದುಗಳನ್ನು ತೆಗೆದುಕೊಳ್ಳಿ. ಅಗಲವನ್ನು 0 ಮತ್ತು 16 ಹೇಳಲಿ, ಎತ್ತರವನ್ನು ಉಳಿದವು ಹೇಳಲಿ. `cv2.estimateAffinePartial2D` ಇವುಗಳಿಂದ ತಿರುಗಿಸುವ, ಹಿಗ್ಗಿಸುವ ಮತ್ತು ಸರಿಸುವ ಅಳತೆಯನ್ನು ಕೊಡುತ್ತದೆ. ಅದರಿಂದ `fg` ಮತ್ತು `alpha` ಎರಡನ್ನೂ ಒಟ್ಟಿಗೆ ಸರಿಸಿ. ಮ್ಯಾಟಿಂಗನ್ನು ಮಾತ್ರ ಸರಿಸುವುದಕ್ಕೆ ಮೊದಲೇ, ಮೂಲ ಫೋಟೋದ ಅಳತೆಯಲ್ಲೇ ಮುಗಿಸಿರಬೇಕು. ಹಿಗ್ಗಿಸಿದ ಮೇಲೆ ಮಾಡಿದರೆ ಮಸುಕಾದ ಎಳೆಗಳಿಂದ ಆಲ್ಫಾ ಹುಡುಕಬೇಕಾಗುತ್ತದೆ.

ಡಿಲಿಬ್‌ನ ಆ 68ರಲ್ಲಿ ಹಣೆಯ ಮೇಲೆ ಒಂದೂ ಬಿಂದು ಇಲ್ಲ ಅನ್ನುವುದನ್ನು ಗಮನಿಸಿ. ಹುಬ್ಬಿನಿಂದ ಕೂದಲು ಶುರುವಾಗುವ ಗೆರೆಯವರೆಗಿನ ದೂರ ಒಬ್ಬೊಬ್ಬರದು ಒಂದೊಂದು ಥರ. ಅದನ್ನು ನಿಮ್ಮ ಫೋಟೋದ ಹಳೇ ಮಾಸ್ಕಿನಿಂದಲೇ ಅಳೆಯಿರಿ. 27ನೇ ಬಿಂದುವಿನಿಂದ ನೇರ ಮೇಲೆ ಹೋಗಿ, ಮಾಸ್ಕ್ ಶುರುವಾಗುವ ಜಾಗ. ಹೊಸ ಕೂದಲಿನ ಗೆರೆ ಅದಕ್ಕಿಂತ 8-10 ಪಿಕ್ಸೆಲ್ ಆಚೀಚೆ ಇದ್ದರೆ ಮೇಲ್ಭಾಗವನ್ನು ಮಾತ್ರ ಸ್ವಲ್ಪ ಎಳೆದು ಸರಿಮಾಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಸುಮ್ನೆ ಬೇರೆ ಫೋಟೋ ಹುಡುಕಿ. ಎಳೆದಷ್ಟೂ ಎಳೆಗಳ ಹರಿವು ಕೆಟ್ಟು ಕಾಣುತ್ತದೆ. ಮುಂಗುರುಳು ಹಣೆ ಮುಚ್ಚಿರುವ ಸ್ಟೈಲುಗಳು ಇಲ್ಲಿ ತುಂಬಾ ಸಲೀಸು, ಗೆರೆಯೇ ಕಾಣುವುದಿಲ್ಲ. ಹಿಂದಕ್ಕೆ ಬಾಚಿದ ಕೂದಲು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಹಣೆಯಂಚಿನ ನವಿರು ಕಿರುಗೂದಲು ಚರ್ಮದಲ್ಲಿ ಕರಗುವ ರೀತಿ ಮ್ಯಾಟಿಂಗಿಗೂ ಪೂರ್ತಿ ಸಿಗುವುದಿಲ್ಲ.

ಗೆರೆ ಸರಿ ಕೂತ ಮೇಲೂ ವಿಗ್ ಅನಿಸಿದರೆ ನೆರಳು ಇಲ್ಲ ಅಂತ ಅರ್ಥ. ಕೂದಲು ಹಣೆಯ ಮೇಲೆ ಸಣ್ಣ ನೆರಳು ಬೀಳಿಸುತ್ತದೆ. ಕತ್ತರಿಸಿ ತಂದ ಕೂದಲಿನ ಜೊತೆ ಆ ನೆರಳು ಬಂದಿರುವುದಿಲ್ಲ. ಆಲ್ಫಾದ ಒಂದು ಪ್ರತಿ ತೆಗೆದು, ಮುಖದ ಎತ್ತರದ ಶೇ. 1ರಷ್ಟು ಕೆಳಗೆ ಸರಿಸಿ, ಚೆನ್ನಾಗಿ ಬ್ಲರ್ ಮಾಡಿ. ಅದು ಬೀಳುವ ಕಡೆ ಚರ್ಮವನ್ನು ಕಪ್ಪಾಗಿಸಿ. ಆದರೆ ಬೂದು ಕಪ್ಪು ಬೇಡ. ಚರ್ಮದ ನೆರಳು ಕೆಂಪಗಿರುತ್ತದೆ. ಕೆಂಪನ್ನು 0.90, ಹಸಿರನ್ನು 0.85, ನೀಲಿಯನ್ನು 0.82ರಿಂದ ಗುಣಿಸಿದರೆ ಹೆಚ್ಚಿನ ಫೋಟೋಗಳಿಗೆ ಒಪ್ಪುತ್ತದೆ. ಚರ್ಮ, ಕಿವಿ, ಕತ್ತು ಇರುವ ಕಡೆ ಮಾತ್ರ ಮಾಡಿ, ಹಿಂದಿನ ಗೋಡೆಯ ಮೇಲೆ ಅಲ್ಲ. ಇಷ್ಟು ಚಿಕ್ಕ ಕೆಲಸ ಮಾಡುವ ಬದಲಾವಣೆ ನೋಡಿದರೆ ಅಚ್ಚರಿಯಾಗುತ್ತದೆ.

ಬೆಳಕಿನ ದಿಕ್ಕನ್ನೂ ಒಮ್ಮೆ ನೋಡಿಕೊಳ್ಳಿ. ಅವರ ಫೋಟೋದಲ್ಲಿ ಸೂರ್ಯ ಎಡಕ್ಕಿದ್ದು ನಿಮ್ಮಲ್ಲಿ ದೀಪ ಬಲಕ್ಕಿದ್ದರೆ ಕೂದಲನ್ನು ಕನ್ನಡಿಯಂತೆ ತಿರುಗಿಸಿಬಿಡಿ. ಬೈತಲೆ ಇನ್ನೊಂದು ಕಡೆಗೆ ಹೋಗುತ್ತದೆ, ಅಷ್ಟೇ. ತಲೆ ಹೊರಳಿದ ಕೋನ ಇಬ್ಬರದೂ 10-15 ಡಿಗ್ರಿಗಿಂತ ಜಾಸ್ತಿ ಬೇರೆ ಇದ್ದರೆ ಈ ವಿಧಾನದಿಂದ ಆಗುವುದಿಲ್ಲ. ಒಂದು ಕಡೆ ಕಾಣದೇ ಇದ್ದ ಕೂದಲನ್ನು ಎಳೆದು ತರಲು ಫೋಟೋದಲ್ಲಿ ಅದು ಇಲ್ಲವೇ ಇಲ್ಲ.

ನೀವು ಕೇಳದೇ ಇದ್ದರೂ ಮುಂದೆ ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. ಹಳೇ ಕೂದಲು. ಹೊಸ ಕೂದಲು ಹಳೆಯದನ್ನು ಪೂರ್ತಿ ಮುಚ್ಚಿದರೆ ತೊಂದರೆ ಇಲ್ಲ. ಹಳೇ ಮಾಸ್ಕಿನಿಂದ ಹೊಸ ಆಲ್ಫಾ ಮುಚ್ಚಿದ ಜಾಗವನ್ನು ಕಳೆಯಿರಿ. ಉಳಿದದ್ದೇ ಇಣುಕುವ ಹಳೇ ಕೂದಲು. ಉಳಿದದ್ದು ಗೋಡೆಯ ಮುಂದಿನ ತೆಳು ಪಟ್ಟಿಯಾಗಿದ್ದರೆ `cv2.inpaint` ಸಾಕು, ಪಟ್ಟಿಯನ್ನು ಐದಾರು ಪಿಕ್ಸೆಲ್ ಹಿಗ್ಗಿಸಿ ಕೊಡಿ. ಗೋಡೆಯಲ್ಲಿ ಚಿತ್ರ, ಕಿಟಕಿ ಏನಾದರೂ ಇದ್ದರೆ ಲಾಮಾ ಥರದ ಕಲಿತ ಮಾಡೆಲ್ ಬೇಕು. ಈ ತುಂಬುವ ಕೆಲಸ ಹೊಸ ಕೂದಲನ್ನು ಕೂರಿಸುವುದಕ್ಕೆ ಮೊದಲು ಆಗಬೇಕು. ಇಲ್ಲವಾದರೆ ಹೊಸ ಎಳೆಗಳ ಸಂದಿನಲ್ಲಿ ಹಳೇ ಕಪ್ಪು ಇಣುಕುತ್ತಲೇ ಇರುತ್ತದೆ.

ಉದ್ದ ಕೂದಲಿನವರಿಗೆ ಗಿಡ್ಡ ಸ್ಟೈಲ್ ಕೂರಿಸಬೇಕೆಂದರೆ ಮಾತ್ರ ಇಡೀ ಲೆಕ್ಕ ತಲೆಕೆಳಗು. ಕೂದಲ ಹಿಂದೆ ಅಡಗಿದ್ದ ಕಿವಿ, ಕತ್ತು, ಭುಜ, ಬಟ್ಟೆಯ ಕಾಲರ್ ಎಲ್ಲವನ್ನೂ ಹೊಸದಾಗಿ ಹುಟ್ಟಿಸಬೇಕು. ಅದಕ್ಕೆ ಸ್ಟೈಲ್‌ಗ್ಯಾನ್ ಮೇಲೆ ಕಟ್ಟಿದ ಬಾರ್ಬರ್‌ಶಾಪ್, 2021ರದು, ಅಥವಾ ಅದರ ನಂತರ ಬಂದ ವೇಗದ ಹೇರ್‌ಫಾಸ್ಟ್‌ಗ್ಯಾನ್ ಥರದವು ಬೇಕು. ಅವು ಕಿವಿಯನ್ನು ಚೆನ್ನಾಗಿಯೇ ಬರೆಯುತ್ತವೆ. ಆದರೆ ಮುಖವನ್ನೂ ಒಮ್ಮೆ ತಮ್ಮೊಳಗೆ ಹಾಯಿಸಿ ಮತ್ತೆ ಬರೆಯುವುದರಿಂದ ಮುಖ ಸ್ವಲ್ಪ ಬದಲಾಗುವ ಅಪಾಯ ಇದೆ. ಮಚ್ಚೆ ಮಾಯವಾಗಬಹುದು, ಹಲ್ಲಿನ ಸಾಲು ನೇರವಾಗಬಹುದು. ನಾನು ಅಂಥ ಕಡೆ ಅವುಗಳಿಂದ ಕಿವಿ ಮತ್ತು ಕತ್ತನ್ನು ಮಾತ್ರ ತೆಗೆದುಕೊಂಡು, ಮುಖವನ್ನು ಮೂಲ ಫೋಟೋದ್ದೇ ಉಳಿಸಿ, ಕೂದಲನ್ನು ಮೇಲೆ ಹೇಳಿದ ದಾರಿಯಲ್ಲೇ ಕೂರಿಸುತ್ತೇನೆ. ಫೋಟೋ ನೀವೇ ತೆಗೆಯುವುದಾದರೆ ಇನ್ನೂ ಸುಲಭ. ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿಸಿ, ಎರಡೂ ಕಿವಿ ಕಾಣುವಂತೆ ಕೂರಿಸಿ ತೆಗೆಯಿರಿ.

ನಿಮ್ಮ ಫೋಟೋಗೆ ಬಂದರೆ, ಇವತ್ತೇ ಬದಲಿಸಬೇಕಾದದ್ದು ಎರಡು ಸಾಲು. ಕತ್ತರಿಸಿದ ಚಿತ್ರದ ಬದಲು `fg` ಹಾಕಿ, ಅಳತೆಗೆ ಮಾಸ್ಕಿನ ಬದಲು `core` ಕೊಡಿ. `a` ಚಾನೆಲ್‌ನ ಹರವನ್ನು ಮುಂಚೆ ಮತ್ತು ಆಮೇಲೆ ಪ್ರಿಂಟ್ ಮಾಡಿ ನೋಡಿ. ಮೊದಲಿನದು ಎರಡನೆಯದರ ಎರಡು-ಮೂರು ಪಟ್ಟು ಇದ್ದರೆ ಆ ಸಪ್ಪೆತನಕ್ಕೆ ಕಾರಣ ಆ ಗಿಡಗಳೇ.